ಮೂರು ಪಾಲಾಗದ ಕೋನ

ಕೈವಾರ ಮತ್ತು ಗುರುತುಗಳಿಲ್ಲದ ಪಟ್ಟಿ, ಇವೆರಡರಿಂದಲೇ ಯಾವ ಕೋನವನ್ನಾದರೂ ಮೂರು ಸಮಪಾಲು ಮಾಡಬಹುದೇ? ಗ್ರೀಕರ ಕಾಲದ ಈ ಪ್ರಶ್ನೆ ಎರಡು ಸಾವಿರ ವರ್ಷ ತೆರೆದೇ ಇತ್ತು. ಅದನ್ನು ಮುಚ್ಚುವ ಪ್ರಯತ್ನಗಳಲ್ಲಿ ಮೂರನ್ನು ಒಟ್ಟಿಗೆ ಇಟ್ಟು ನೋಡಬೇಕು. ಮೂರರ ತೀರ್ಮಾನವೂ ಸರಿಯೇ. ಆದರೆ ಮೂರೂ ಒಂದೇ ಬೆಲೆಯವಲ್ಲ.

ಮೊದಲನೆಯದು 1775ರದು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಕೋನದ ತ್ರಿಭಾಜನೆ, ಘನದ ದ್ವಿಗುಣೀಕರಣ, ವೃತ್ತಕ್ಕೆ ಸಮನಾದ ಚೌಕದ ರಚನೆ ಮತ್ತು ನಿರಂತರ ಚಲಿಸುವ ಯಂತ್ರ, ಈ ನಾಲ್ಕರ ಬಗ್ಗೆ ಬರುವ ಪರಿಹಾರಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ನಿರ್ಣಯಿಸಿತು. ಬಂದವುಗಳನ್ನೆಲ್ಲ ಓದಿ ಫಲ ಸಿಕ್ಕಿರಲಿಲ್ಲ. ಇದರ ಹಿಂದೆ ಬಿದ್ದವರು ಮನೆಮಾರು ಮರೆಯುತ್ತಿದ್ದಾರೆಂಬ ಕಳಕಳಿಯೂ ಅದರಲ್ಲಿತ್ತು. ಆ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೂ ಅದು ಕಚೇರಿಯ ಬಾಗಿಲು ಮುಚ್ಚಿತೇ ಹೊರತು ಪ್ರಶ್ನೆಯನ್ನಲ್ಲ. ಬೇರೆ ಬೇರೆ ಕಾರಣಗಳಿಂದ ಅಸಾಧ್ಯವಾದ ನಾಲ್ಕನ್ನು ಒಂದೇ ಕಟ್ಟಿಗೆ ಹಾಕಿತು. ತನ್ನ ಕಾಗದ ತಿರಸ್ಕೃತವಾದವನಿಗೆ ತಾನು ಎಲ್ಲಿ ತಪ್ಪಿದೆನೆಂಬುದು ತಿಳಿಯುವಂತಿರಲಿಲ್ಲ.

ಎರಡನೆಯದು ಗಾಸ್‌ನದು. 1801ರ ತನ್ನ ಗ್ರಂಥದಲ್ಲಿ ಅವನು 17 ಭುಜಗಳ ಸಮಬಹುಭುಜವನ್ನು ರಚಿಸಬಹುದೆಂದು ತೋರಿಸಿದ. 7, 9, 11 ಭುಜಗಳವು ಆಗವು, ಕಾಲಹರಣ ಮಾಡಬೇಡಿ ಎಂದು ಓದುಗರನ್ನು ಎಚ್ಚರಿಸಿದ. ನವಭುಜ ಆಗದೆಂದರೆ 120° ಕೋನ ಮೂರು ಪಾಲಾಗದೆಂದೇ ಅರ್ಥ. ಆದರೆ ಅದರ ಸಾಧನೆಯನ್ನು ಕೊಡಲು ಇಲ್ಲಿ ಸ್ಥಳವಿಲ್ಲವೆಂದು ಬಿಟ್ಟ. ಗಾಸ್ ಹೇಳಿದನೆಂದು ನಂಬಬಹುದಿತ್ತು, ಪರೀಕ್ಷಿಸಿ ನೋಡುವಂತಿರಲಿಲ್ಲ.

ಮೂರನೆಯದು 1837ರದು. 23 ವರ್ಷದ ಪಿಯೆರ್ ವಾಂಟ್ಸೆಲ್ ಲಿಯುವಿಲ್‌ನ ಪತ್ರಿಕೆಯಲ್ಲಿ ಏಳು ಪುಟಗಳ ಲೇಖನ ಬರೆದು ಕಾರಣವನ್ನೇ ಮುಂದಿಟ್ಟ. ಸರಳರೇಖೆಗಳು ಮತ್ತು ವೃತ್ತಗಳು ಪರಸ್ಪರ ಛೇದಿಸುವ ಬಿಂದುಗಳನ್ನು ಹುಡುಕುವುದೆಂದರೆ, ಹೆಚ್ಚೆಂದರೆ ಒಂದು ವರ್ಗಸಮೀಕರಣ ಬಿಡಿಸುವುದು. ಆದ್ದರಿಂದ ಕೈವಾರ ಮತ್ತು ಪಟ್ಟಿಯಿಂದ ಸಿಗುವ ಯಾವ ಉದ್ದವೂ ಕೂಡಿಸು, ಕಳೆ, ಗುಣಿಸು, ಭಾಗಿಸು ಮತ್ತು ವರ್ಗಮೂಲಗಳಿಂದಲೇ ಹುಟ್ಟಬೇಕು. ಅಂಥ ಉದ್ದವನ್ನು ಮೂಲವಾಗಿ ಉಳ್ಳ, ಭಾಗಲಬ್ಧ ಗುಣಾಂಕಗಳ ಅತಿ ಚಿಕ್ಕ ಸಮೀಕರಣದ ಘಾತ 1, 2, 4, 8 ಹೀಗೆಯೇ ಇರುತ್ತದೆ. 3 ಬರುವುದಿಲ್ಲ.

60° ಕೋನವನ್ನು ತೆಗೆದುಕೊಳ್ಳಿ. ಅದರ ಮೂರನೇ ಒಂದು ಪಾಲು 20°. ಈ 20°ಯ ಕೊಸೈನಿನ ಎರಡರಷ್ಟನ್ನು x ಎಂದರೆ, ತ್ರಿಕೋನಮಿತಿಯ ಸೂತ್ರದಿಂದ ಸಿಗುವುದು x³ − 3x − 1 = 0. ಇದಕ್ಕೆ ಭಾಗಲಬ್ಧ ಮೂಲವಿದ್ದರೆ ಅದು 1 ಅಥವಾ −1 ಆಗಿರಬೇಕು. 1 ಹಾಕಿದರೆ −3, −1 ಹಾಕಿದರೆ 1, ಎರಡೂ ಸೊನ್ನೆಯಲ್ಲ. ಹಾಗಾಗಿ ಈ ಸಮೀಕರಣ ಇನ್ನೂ ಚಿಕ್ಕದಾಗಿ ಒಡೆಯದು, ಘಾತ 3 ಆಗಿಯೇ ಉಳಿಯುತ್ತದೆ. 20° ಸಿಗದು. ಪ್ರೌಢಶಾಲೆಯ ಗಣಿತ ಬಲ್ಲವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಗಾಸ್ ತನ್ನ ಓದುಗನಿಗೆ ಕೊಡದ್ದು ಇದನ್ನೇ.

ಊಹೆಯಿಂದ ಗೆದ್ದೆವೆಂದುಕೊಳ್ಳುವವರನ್ನು ಗುರುತಿಸಲೂ ಇದೇ ಬೇಕು. ಒಂದು ಕೋನದ ಕಾಲುಭಾಗಕ್ಕೆ ಅದರ ಹದಿನಾರನೇ ಒಂದು, ಅರವತ್ತನಾಲ್ಕನೇ ಒಂದು, ಹೀಗೆ ಕೂಡಿಸುತ್ತ ಹೋದರೆ ಮೊತ್ತ ಮೂರನೇ ಒಂದರತ್ತ ಸರಿಯುತ್ತದೆ. ಇವೆಲ್ಲ ಬರಿಯ ಅರ್ಧಿಸುವಿಕೆಗಳು, ಕೈವಾರದಲ್ಲಿ ಸುಲಭ. 60°ಗೆ ಮೊದಲು 15°, ಆಮೇಲೆ 18.75°, 19.6875°, ನಾಲ್ಕನೆಯ ಹೆಜ್ಜೆಗೆ ಸುಮಾರು 19.92°. ಕೋನಮಾಪಕಕ್ಕೆ ಅದು 20° ಎಂದೇ ಕಾಣುತ್ತದೆ. ಬಡಗಿಗೆ ಅಷ್ಟು ಸಾಕು, ಅದರಲ್ಲಿ ತಪ್ಪೂ ಇಲ್ಲ. ಆದರೆ ಹೆಜ್ಜೆಗಳು ಎಷ್ಟೇ ಇರಲಿ, ಅವು ಮುಗಿಯುವಂಥವಾದರೆ ಮೊತ್ತ 20°ಯನ್ನು ಮುಟ್ಟದು. ಚಿತ್ರ ಎಷ್ಟು ಚೆನ್ನಾಗಿ ಹೊಂದಿತೆಂಬುದು ಇಲ್ಲಿ ಸಾಕ್ಷಿಯೇ ಅಲ್ಲ.

ವಾಂಟ್ಸೆಲ್‌ನ ಲೇಖನ ಮಿತಭಾಷಿ. ಹೆಚ್ಚುಕಡಿಮೆ ಒಂದು ಶತಮಾನ ಅದನ್ನು ಬಹುಮಂದಿ ಗಮನಿಸಲಿಲ್ಲ. ವೃತ್ತದ ಪ್ರಶ್ನೆಯನ್ನೂ ಅದು ಮುಟ್ಟಲಿಲ್ಲ; ಅದು ಮುಚ್ಚಿದ್ದು 1882ರಲ್ಲಿ, π ಬೀಜಾತೀತ ಸಂಖ್ಯೆಯೆಂದು ಲಿಂಡೆಮನ್ ಸಾಧಿಸಿದಾಗ. ಆದರೂ ಮೂರರಲ್ಲಿ ನಾನು ಮೇಲಿಡುವುದು ವಾಂಟ್ಸೆಲ್‌ನದನ್ನೇ, ಏಕೆಂದರೆ ಅವನ ಕಾರಣ ತನ್ನ ಎಲ್ಲೆಯನ್ನೂ ಹೇಳುತ್ತದೆ. ಪಟ್ಟಿಯ ಮೇಲೆ ಎರಡು ಗುರುತು ಮಾಡಿಕೊಂಡು ಅದನ್ನು ಸರಿಸಲು ಒಪ್ಪಿದರೆ, ಆರ್ಕಿಮಿಡೀಸನ ಹೆಸರಿನಲ್ಲಿ ಬಂದಿರುವ ವಿಧಾನದಿಂದ ಯಾವ ಕೋನವೂ ಮೂರು ಪಾಲಾಗುತ್ತದೆ. ಆ ಸರಿಸುವಿಕೆ ಘನಸಮೀಕರಣವನ್ನು ಬಿಡಿಸುತ್ತದೆ, ಕೈವಾರ ಬಿಡಿಸದು. ಉಪಕರಣ ಬದಲಿಸದಿದ್ದರೂ ಎಲ್ಲ ಕೋನಗಳೂ ಹಟ ಹಿಡಿಯುವುದಿಲ್ಲ: 90°ಗೆ ಅದೇ ಸಮೀಕರಣ x³ − 3x = 0 ಆಗಿ ಒಡೆಯುತ್ತದೆ, ನಮಗೆ ಬೇಕಾದ ಮೂಲ √3, ಅಂದರೆ ಬರಿಯ ವರ್ಗಮೂಲ. 30°ಯನ್ನು ಕೈವಾರದಿಂದ ಯಾವ ವಿದ್ಯಾರ್ಥಿಯಾದರೂ ರಚಿಸಬಲ್ಲ.