ಮೂವತ್ತೈದು ಎನ್ನುವ ಮಗುವಿಗೆ ಪಾಠಯೋಜನೆಯಲ್ಲಿ ಜಾಗವೆಲ್ಲಿ?

ಸರ್ಕಾರಿ ಪ್ರಾಥಮಿಕ ಶಾಲೆಯ ಕಾಯಂ ಹುದ್ದೆಗೆ ಟಿಇಟಿ, ಸಿಇಟಿ ಪರೀಕ್ಷೆಗಳೇ ದಾರಿ. ಅರ್ಜಿಯ ಜೊತೆ ಪಾಠಯೋಜನೆ ಕೇಳಿ, ‘ಡೆಮೊ ಕ್ಲಾಸ್’ ಮಾಡಿಸಿ ನೋಡುವುದು ಹೆಚ್ಚಾಗಿ ಖಾಸಗಿ ಶಾಲೆಗಳು. ಡಿ.ಇಡಿ ಮುಗಿಸಿದ ಒಬ್ಬ ಯುವತಿ ಕಡೂರು, ತರೀಕೆರೆ, ಅಜ್ಜಂಪುರದ ಮೂರು ಶಾಲೆಗಳಿಗೆ ಬರೆದ ಅರ್ಜಿಯನ್ನೂ ಅದರ ಜೊತೆಗಿಟ್ಟ ಗಣಿತದ ಪಾಠಯೋಜನೆಯನ್ನೂ ಓದಲು ನನಗೆ ಕೊಟ್ಟಿದ್ದರು. ಎರಡೂ ಶ್ರದ್ಧೆಯಿಂದ ಬರೆದವು. ಎರಡರಲ್ಲೂ ಇರುವ ಕೊರತೆ ಒಂದೇ: ಮಕ್ಕಳು ಕಾಣಿಸುವುದಿಲ್ಲ.

ಅರ್ಜಿಯನ್ನು ಮೊದಲು ನೋಡೋಣ. ‘ಮಾನ್ಯರೇ’ ಆದಮೇಲೆ ವಿದ್ಯಾರ್ಹತೆ, ಶೇಕಡಾವಾರು ಅಂಕ, ‘ಪ್ರಾಮಾಣಿಕವಾಗಿ ಕರ್ತವ್ಯ ನಿರ್ವಹಿಸುತ್ತೇನೆ’ ಎಂಬ ಭರವಸೆ. ಮೂರು ಊರಿಗೂ ಅದೇ ಪತ್ರ, ವಿಳಾಸವಷ್ಟೇ ಬೇರೆ. ಕೊನೆಯ ಸಾಲಿಗಿಂತ ಮೇಲೆ, ಅಂಕಪಟ್ಟಿಗಳ ವಿವರದ ನಡುವೆ, ಒಂದು ವಾಕ್ಯ ಹುದುಗಿದೆ: ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ನಲಿ-ಕಲಿ ತರಗತಿ ನಡೆಸಿದ್ದೇನೆ. ಪತ್ರ ಶುರುವಾಗಬೇಕಾದದ್ದು ಅಲ್ಲಿಂದ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರಿಂದ ಹಿಡಿದು ಸ್ವಕಲಿಕೆಯವರವರೆಗೆ ಐದು ಗುಂಪು, ಒಂದೊಂದು ಮಗು ಕಲಿಕಾ ಏಣಿಯ ಒಂದೊಂದು ಮೆಟ್ಟಿಲಲ್ಲಿ. ಒಂದು ಗುಂಪಿನ ಜೊತೆ ಕೂತಾಗ ಉಳಿದ ನಾಲ್ಕನ್ನು ಹೇಗೆ ಕೆಲಸದಲ್ಲಿ ಇಟ್ಟೆ ಎಂದು ಮೂರು ಸಾಲು ಬರೆದಿದ್ದರೆ, ಪ್ರಾಮಾಣಿಕತೆಯ ಭರವಸೆಗಿಂತ ಅದೇ ಹೆಚ್ಚು ಹೇಳುತ್ತಿತ್ತು. ಈಕೆ ತನ್ನ ಕೈಯಲ್ಲಿದ್ದ ಅತ್ಯುತ್ತಮ ಸಂಗತಿಯನ್ನೇ ಮುಚ್ಚಿಟ್ಟುಬಿಟ್ಟರಲ್ಲ ಎಂದು ನನಗೆ ನಿಜವಾಗಿ ಬೇಸರವಾಯಿತು.

ಪಾಠಯೋಜನೆ ಮೂರನೇ ತರಗತಿಯದು, ದಶಕ ಬಿಡಿಸಿ ಕಳೆಯುವ ಲೆಕ್ಕ. ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗೆ ಐದು ಹಂತಗಳ ಕೋಷ್ಟಕ ಅಚ್ಚುಕಟ್ಟಾಗಿದೆ. ಉದಾಹರಣೆಗೆ ಸೇಬಿನ ಬದಲು ಕಡೂರಿನ ತೆಂಗಿನಕಾಯಿ ತಂದಿದ್ದಾರೆ: 52 ಕಾಯಿಯಲ್ಲಿ 27 ಮಾರಿದರೆ ಎಷ್ಟು ಉಳಿಯಿತು? ಊರಿನ ವಸ್ತು ಎಂಬ ಕಾರಣಕ್ಕೆ ಇದು ಚೆನ್ನಾಗಿ ಕಾಣುತ್ತದೆ. ಆದರೆ ಚಾರ್ಟಿನಲ್ಲಿ ಬರೆದ 52 ಕಾಯಿಗಳಿಂದ ಮಗು 27ನ್ನು ಒಂದೊಂದಾಗಿ ಹೊಡೆದು ಹಾಕಿ, ಉಳಿದದ್ದನ್ನು ಎಣಿಸಿ 25 ಎನ್ನಬಹುದು. ಉತ್ತರ ಸರಿ, ದಶಕದ ಸುದ್ದಿಯೇ ಇಲ್ಲ. ಇಲ್ಲಿ ಬೇಕಾದದ್ದು ಹತ್ತತ್ತರ ಕಟ್ಟು ಮಾಡಿದ ಕಡ್ಡಿಗಳು. ಐದು ಕಟ್ಟು, ಎರಡು ಬಿಡಿ. ಏಳು ಬಿಡಿ ಕೊಡು ಎಂದಾಗ ಮಗುವಿನ ಕೈ ನಿಲ್ಲುತ್ತದೆ. ರಬ್ಬರ್ ಬ್ಯಾಂಡ್ ಬಿಚ್ಚಿದರೆ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಬಿಡಿ, ಎರಡು ಕಟ್ಟು ಕೊಟ್ಟಮೇಲೆ ಉಳಿದದ್ದು ಎರಡು ಕಟ್ಟು, ಐದು ಬಿಡಿ. ಬ್ಯಾಂಡ್ ಬಿಚ್ಚುವ ಆ ಗಳಿಗೆಯೇ ಪಾಠ.

ಯೋಜನೆಯಲ್ಲಿ ‘ಶಿಕ್ಷಕರ ಚಟುವಟಿಕೆ’, ‘ವಿದ್ಯಾರ್ಥಿ ಚಟುವಟಿಕೆ’ ಎಂದು ಎರಡು ಅಂಕಣಗಳಿವೆ. ಎರಡನೆಯದರ ಉದ್ದಕ್ಕೂ ‘ಸರಿಯಾಗಿ ಉತ್ತರಿಸುತ್ತಾರೆ’ ಎಂದೇ ಇದೆ. 52ರಲ್ಲಿ 27 ಕಳೆ ಎಂದರೆ 35 ಎಂದು ಬರೆಯುವ ಮಕ್ಕಳು ಯಾವ ತರಗತಿಯಲ್ಲೂ ಸಿಗುತ್ತಾರೆ. ಬಿಡಿಸ್ಥಾನದಲ್ಲಿ ಎರಡರಿಂದ ಏಳು ಹೋಗುವುದಿಲ್ಲ, ಹಾಗಾಗಿ ಏಳರಿಂದ ಎರಡನ್ನು ಕಳೆದು ಐದು ಬರೆಯುತ್ತಾರೆ. ಇದು ಅಜಾಗರೂಕತೆಯಲ್ಲ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಹಿಂದೆ ಕೇಳಿದ್ದನ್ನೇ ಮಗು ಪಾಲಿಸಿದೆ. ಈ 35 ಎರಡನೇ ಅಂಕಣದಲ್ಲಿ, ಅದಕ್ಕೆ ಶಿಕ್ಷಕಿ ಏನು ಮಾಡುತ್ತಾರೆ ಎಂಬ ಒಂದು ಸಾಲು ಮೊದಲನೆಯದರಲ್ಲಿ ಇರಬೇಕಿತ್ತು.

ಮೌಲ್ಯಮಾಪನದ ಲೆಕ್ಕಗಳು ಇನ್ನೂ ದೊಡ್ಡ ತೊಂದರೆ. 68–23, 57–34, 89–46. ಮೂರರಲ್ಲೂ ಕೆಳಗಿನ ಅಂಕಿ ಚಿಕ್ಕದು. ತಪ್ಪು ನಿಯಮ ಹಿಡಿದ ಮಗುವೂ ಮೂರಕ್ಕೆ ಮೂರೂ ಸರಿ ಮಾಡುತ್ತದೆ, ಶಿಕ್ಷಕಿಗೆ ಪಾಠ ಗೆದ್ದಿತು ಅನ್ನಿಸುತ್ತದೆ. 43–18 ಕೊಟ್ಟಿದ್ದರೆ ಗೊತ್ತಾಗುತ್ತಿತ್ತು: ಅರ್ಥವಾದವರು 25 ಬರೆಯುತ್ತಾರೆ, ಆಗದವರು 35.

ಸಮಯದ ಲೆಕ್ಕವೂ ತಪ್ಪಿದೆ. ಯೋಜನೆ 40 ನಿಮಿಷದ್ದು, ಸಂದರ್ಶನದಲ್ಲಿ ಸಿಗುವುದು ಹದಿನೈದು ನಿಮಿಷದ ಆಸುಪಾಸು. ಅಭಿನಯ ಗೀತೆ, ಪೂರ್ವಜ್ಞಾನದ ಪ್ರಶ್ನೆಗಳಿಗೇ ಮೊದಲ ಹತ್ತು ನಿಮಿಷ ಕೊಟ್ಟಿರುವುದರಿಂದ ದಶಕ ಬಿಡಿಸುವಷ್ಟರಲ್ಲಿ ಎದುರಿದ್ದವರು ‘ಸಾಕಮ್ಮ’ ಎನ್ನುತ್ತಾರೆ. ಗೀತೆಯನ್ನು ಬಿಡಬೇಕು. ಮೊದಲ ನಿಮಿಷದಲ್ಲೇ ಕಡ್ಡಿಗಳನ್ನು ಕೈಗೆ ಕೊಟ್ಟು 52–27 ಕೇಳಬೇಕು. ಮಕ್ಕಳ ಬದಲು ಶಿಕ್ಷಕರೇ ಬೆಂಚಿನಲ್ಲಿ ಕೂತಿದ್ದರೆ ಯಾರೂ 35 ಎನ್ನದೇ ಇರಬಹುದು. ಆಗ ಈಕೆಯೇ ಅದನ್ನು ಬೋರ್ಡಿನ ಮೇಲೆ ಬರೆದು, ‘ಒಂದು ಮಗು ಹೀಗೆ ಮಾಡಿದೆ’ ಎಂದು ಕಡ್ಡಿಗಳಿಂದ ಪರೀಕ್ಷಿಸಿ ತೋರಿಸಬಹುದು. ಕೊನೆಗೆ 60–34 ಒಂದೇ ಲೆಕ್ಕ ಸಾಕು. ಬಿಡಿಸ್ಥಾನದಲ್ಲಿ ಸೊನ್ನೆ ಇದ್ದಾಗ ತಪ್ಪು ನಿಯಮ ನೇರವಾಗಿ 34 ಎಂದು ಹೊರಬರುತ್ತದೆ. ಹಾಗೆ ಬರೆದವರ ಕೈಗೆ ಆರು ಕಟ್ಟುಗಳನ್ನು ಕೊಡಲು ಎರಡು ನಿಮಿಷ ಉಳಿದಿರಬೇಕು.