ನಕ್ಷತ್ರ ಯಾರ ಮಾನ ಮುಚ್ಚುತ್ತೆ?

2018ರ ಜನವರಿ 11. ಅಮೆರಿಕದ ಅಧ್ಯಕ್ಷರ ಕಚೇರಿಯಲ್ಲಿ ವಲಸೆ ಕಾನೂನಿನ ಬಗ್ಗೆ ಸಂಸದರ ಜೊತೆ ಸಭೆ. ಹೈಟಿ, ಎಲ್ ಸಾಲ್ವಡಾರ್, ಆಫ್ರಿಕದ ದೇಶಗಳ ಮಾತು ಬಂದಾಗ ಟ್ರಂಪ್ ಅವನ್ನು ‘ಶಿಟ್‌ಹೋಲ್’ ದೇಶಗಳು ಅಂದರು ಅಂತ ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿತು. ಮರುದಿನ ಟ್ರಂಪ್, ಖಾರವಾಗಿ ಮಾತಾಡಿದ್ದು ಹೌದು, ಆದರೆ ಆ ಪದ ಬಳಸಿಲ್ಲ ಅಂದರು. ಸಭೆಯಲ್ಲಿದ್ದ ಸೆನೆಟರ್ ಡಿಕ್ ಡರ್ಬಿನ್, ಬಳಸಿದ್ದು ನಿಜ ಅಂದರು. ನಮ್ಮ ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕಂದ್ರೆ ಅದು ಹೇಲುಗುಂಡಿ.

ಆ ಒಂದು ಪದ ಸುದ್ದಿಮನೆಗಳನ್ನು ದಾಟಿಬಂದ ರೀತಿ ನನಗೆ ಇವತ್ತಿಗೂ ಕುತೂಹಲ. ಪೋಸ್ಟ್ ಅದನ್ನು ತಲೆಬರಹದಲ್ಲೇ ಹಾಕಿತು. ನ್ಯೂಯಾರ್ಕ್ ಟೈಮ್ಸ್ ತಲೆಬರಹದಲ್ಲಿ ‘ಹೀಗಳೆಯುವ ಮಾತು’ ಅನ್ನೋ ಥರ ಬರೆದು, ಪದವನ್ನು ವರದಿಯ ಒಳಗಿಟ್ಟಿತು. ತೈವಾನಿನ ಸುದ್ದಿಸಂಸ್ಥೆಯಂತೂ ‘ಹಕ್ಕಿಯೂ ಮೊಟ್ಟೆ ಇಡದ ದೇಶಗಳು’ ಅಂತ ಅನುವಾದಿಸಿತು. ಕೇಳೋಕೆ ಚೆಂದ. ಆದರೆ ಬೈಗುಳ ಹೋಗಿ ಬರಗಾಲ ಬಂತು!

ಇದರ ಹಿಂದಿನ ನಿಯಮ ಸರಳವಾಗಿದೆ. ಎಪಿ ಸುದ್ದಿಸಂಸ್ಥೆಯ ಕೈಪಿಡಿ ಪ್ರಕಾರ, ಕೆಟ್ಟ ಪದ ಯಾರಾದರೂ ನೇರವಾಗಿ ಆಡಿದ ಮಾತಾಗಿರಬೇಕು ಮತ್ತು ಅದನ್ನು ಹಾಕಲು ಬಲವಾದ ಕಾರಣ ಇರಬೇಕು. ಇಲ್ಲದಿದ್ದರೆ ಮೊದಲಕ್ಷರ ಬಿಟ್ಟು ಉಳಿದದ್ದಕ್ಕೆ ಅಡ್ಡಗೆರೆ. ಬ್ರಿಟನ್ನಿನ ಗಾರ್ಡಿಯನ್ ಇದಕ್ಕೆ ಪೂರ್ತಿ ಉಲ್ಟಾ. ಪದ ಬೇಕಿದ್ದರೆ ಪೂರ್ತಿ ಬರೆಯಿರಿ, ಬೇಡವಾದರೆ ಬಿಡಿ, ನಕ್ಷತ್ರ ಹಾಕೋದು ಜಾರಿಕೊಳ್ಳುವ ದಾರಿ ಅನ್ನುತ್ತೆ ಅದರ ಕೈಪಿಡಿ.

ಟೀವಿಯ ಕಥೆ ಬೇರೆ. ಸಿಎನ್‌ಎನ್‌ನಂಥ ಕೇಬಲ್ ವಾಹಿನಿಗಳು ಪದವನ್ನು ಪರದೆಯ ಕೆಳಪಟ್ಟಿಯಲ್ಲೇ ಓಡಿಸಿದವು. ಗಾಳಿಯಲ್ಲಿ ತರಂಗ ಬಿಡುವ ರೇಡಿಯೊ, ಟೀವಿ ಕೇಂದ್ರಗಳು ಹಾಗೆ ಸಲೀಸಾಗಿ ಮಾಡೋಕಾಗಲ್ಲ. 1973ರಲ್ಲಿ ನ್ಯೂಯಾರ್ಕಿನ ಒಂದು ರೇಡಿಯೊ ಕೇಂದ್ರ ಹಾಸ್ಯಗಾರ ಜಾರ್ಜ್ ಕಾರ್ಲಿನ್‌ನ ಬೈಗುಳದ ಪ್ರಹಸನವನ್ನು ಮಟಮಟ ಮಧ್ಯಾಹ್ನ ಬಿತ್ತರಿಸಿತು. ಮಗನ ಜೊತೆ ಕೇಳಿದ ಅಪ್ಪನೊಬ್ಬ ದೂರು ಕೊಟ್ಟ. 1978ರಲ್ಲಿ ಸುಪ್ರೀಂ ಕೋರ್ಟ್, ಇಂಥದ್ದರ ಮೇಲೆ ಸರ್ಕಾರಿ ಆಯೋಗ ಕ್ರಮ ಕೈಗೊಳ್ಳಬಹುದು ಅಂದಿತು. ಈಗ ಅಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ನಿರ್ಬಂಧ. ಸುದ್ದಿಯಾದರೆ ಆಯೋಗ ಸಂದರ್ಭ ನೋಡುತ್ತೆ, ಆದರೂ ದಂಡದ ಭಯ ಇದ್ದೇ ಇರುತ್ತೆ. ಅಂದ್ರೆ ಒಂದೇ ಪದ ಕೇಬಲ್ಲಿನಲ್ಲಿ ಸರಿ, ಪಕ್ಕದ ವಾಹಿನಿಯಲ್ಲಿ ‘ಬೀಪ್’. ವ್ಯತ್ಯಾಸ ಸಭ್ಯತೆಯದ್ದಲ್ಲ, ಲೈಸೆನ್ಸಿನದ್ದು.

ಈಗ ನಮ್ಮನೆಗೆ ಬರೋಣ. ಇಂಗ್ಲಿಷಿನಲ್ಲಿ ಒಂದಕ್ಷರ ತೋರಿಸಿ ನಾಲ್ಕು ಮುಚ್ಚಬಹುದು. ಕನ್ನಡದಲ್ಲಿ ವ್ಯಂಜನ, ಸ್ವರ ಎರಡೂ ಒಂದೇ ಅಕ್ಷರದಲ್ಲಿ ಕೂತಿರುತ್ತವೆ. ‘ಬೋ* ಮಗ’ ಅಂತ ಬರೆದರೆ ಏನು ಮುಚ್ಚಿದ ಹಾಗಾಯ್ತು? ಓದುವವರೆಲ್ಲ ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ. ಮುಚ್ಚಿಹೋಗೋದು ಇನ್ನೊಂದು: ‘ಬೋಳಿ’ ಅಂದರೆ ತಲೆ ಬೋಳಿಸಿದ ವಿಧವೆ. ಬೈಸಿಕೊಂಡವನಿಗಿಂತ ಹೆಚ್ಚು ಅವಮಾನ ಅಲ್ಲಿಲ್ಲದ ಒಬ್ಬ ಹೆಣ್ಣಿಗೆ. ಆ ನಕ್ಷತ್ರ ಆಕೆಯ ಮಾನವನ್ನೇನೂ ಕಾಯಲ್ಲ, ಪತ್ರಿಕೆಯ ಕೈ ತೊಳೆದುಕೊಡುತ್ತೆ, ಅಷ್ಟೆ.

ನಕ್ಷತ್ರಕ್ಕಿಂತ ನನಗೆ ಹೆಚ್ಚು ತಕರಾರಿರೋದು ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಅನ್ನೋ ಸವಕಲು ಸಾಲಿನ ಮೇಲೆ. ಪೊಲೀಸ್ ದೂರಿನ ಭಾಷೆ ಪತ್ರಿಕೆಗೆ ಹಾಗೇ ಇಳಿದುಬಿಟ್ಟಿದೆ. ಒಬ್ಬ ಇನ್ನೊಬ್ಬನನ್ನು ಕತ್ತೆ ಅಂದರೂ ಅವಾಚ್ಯ, ದಲಿತರೊಬ್ಬರನ್ನು ಜಾತಿ ಹೆಸರು ಹಿಡಿದು ಬೈದರೂ ಅವಾಚ್ಯ. ಆದರೆ ಕಾನೂನಿಗೆ ಇವೆರಡೂ ಒಂದಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರನ್ನು, ಆ ಸಮುದಾಯದವರಲ್ಲದವರು ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರಿಂದ ಬೈದರೆ ದೌರ್ಜನ್ಯ ತಡೆ ಕಾಯ್ದೆಯಡಿ ಅದು ಪ್ರತ್ಯೇಕ ಅಪರಾಧ. ಆ ಸಾಲು ಓದಿದವನಿಗೆ ಅದು ಬೀದಿಜಗಳವೋ ದೌರ್ಜನ್ಯವೋ ಗೊತ್ತೇ ಆಗಲ್ಲ. ‘ಅಷ್ಟಕ್ಕೆಲ್ಲ ಕೇಸು ಹಾಕಬೇಕಿತ್ತಾ?’ ಅಂತ ಕಾಫಿ ಕುಡೀತಾ ಕೇಳೋ ಹಕ್ಕು ಮಾತ್ರ ಸಿಗುತ್ತೆ.

ಹಾಗಂತ ಎಲ್ಲ ಬೈಗುಳವನ್ನೂ ಅಚ್ಚು ಹಾಕಿ ಅಂತಿಲ್ಲ. ಜಾತಿಯ ಬೈಗುಳವನ್ನು ಮತ್ತೆ ಮತ್ತೆ ಮುದ್ರಿಸಿದರೆ, ಒಮ್ಮೆ ಬೈಸಿಕೊಂಡವರಿಗೆ ದಿನಾ ಬೈದ ಹಾಗೆ. ನಾನು ಕೇಳೋದು ಸಣ್ಣದು. ಪದ ಬಿಡಿ, ಅದು ಯಾವ ಬಗೆಯದ್ದು ಅಂತ ಹೇಳಿ. ‘ಜಾತಿ ಹೆಸರು ಹಿಡಿದು ಬೈದರು’, ‘ತಾಯಿಯ ಶೀಲದ ಬಗ್ಗೆ ಕೆಟ್ಟದಾಗಿ ಅಂದರು’. ನಾಲ್ಕೈದು ಪದ ಸಾಕು. ಇನ್ನು ಅಧಿಕಾರದಲ್ಲಿರೋರು ಆಡಿದ ಮಾತೇ ಸುದ್ದಿಯಾದಾಗ, ಪೂರ್ತಿ ಬರೆಯಿರಿ. ಅವರು ಆಡಲು ನಾಚಲಿಲ್ಲ, ಅವರ ಪರವಾಗಿ ನಾವ್ಯಾಕೆ ನಾಚಿಕೊಳ್ಳಬೇಕು?