ಬೀಗದ ತೂತಿಗೆ ಮೆತ್ತಿದ ಮಣ್ಣು

ಕಿಟಕಿ ಮೂಲೆಯಲ್ಲಿ ಕುಂಬಾರ ಹುಳುವಿನ ಗೂಡು ಕಂಡರೆ ಹೆಚ್ಚಿನವರ ಕೈ ಹೋಗುವುದು ಸ್ಪ್ರೇ ಡಬ್ಬಿಗೆ. ಆ ಪದ್ಧತಿಗೆ ನಾನು ಪಾಸ್ ಮಾರ್ಕ್ಸೂ ಕೊಡಲಾರೆ. ಸ್ಪ್ರೇ ಹೊಡೆಯುವ ಹೊತ್ತಿಗೆ ತಾಯಿ ಹುಳು ಸಾಮಾನ್ಯವಾಗಿ ಅಲ್ಲಿರುವುದೇ ಇಲ್ಲ. ಒಳಗಿರುವ ಮರಿಯನ್ನು ಒಣಗಿದ ಮಣ್ಣಿನ ಗೋಡೆ ಕಾಯುತ್ತದೆ. ಕೊನೆಗೆ ವಿಷ ಉಳಿಯುವುದು ಮಲಗುವ ಕೋಣೆಯ ಗಾಳಿಯಲ್ಲಿ.

ಈ ಭಯದ ಮೂಲ ಬೇರೆ ಕಣಜಗಳಲ್ಲಿದೆ. ಕಾಗದದಂಥ ಗೂಡು ಕಟ್ಟಿ ಗುಂಪಾಗಿ ಬದುಕುವ ಕಣಜಗಳು ಗೂಡು ಅಲುಗಾಡಿದರೆ ಸಾಕು, ಮೈಮೇಲೆ ಬೀಳುತ್ತವೆ. ಅವುಗಳ ಗೂಡಿನಲ್ಲಿ ತೆರೆದ ಆರು ಮೂಲೆಯ ಕೋಣೆಗಳು ಕಾಣುತ್ತವೆ. ಅಂಥ ಗೂಡಿಗೆ ಕೈ ಹಾಕದಿರುವುದೇ ಒಳ್ಳೆಯದು. ಮಣ್ಣಿನ ಗೂಡಿನ ಒಡತಿ ಒಂಟಿ. ಕಟ್ಟಿ, ಬಾಯಿ ಮುಚ್ಚಿ ಹೊರಟರೆ ಕಾವಲಿಗೆ ನಿಲ್ಲುವುದಿಲ್ಲ. ಬೆರಳಲ್ಲಿ ಹಿಡಿದು ಒತ್ತಿದರಷ್ಟೇ ಕುಟುಕಿಯಾಳು.

ಗೂಡನ್ನು ಒಡೆದು ನೋಡಿದರೆ ಅವಳ ಕೆಲಸ ಗೊತ್ತಾಗುತ್ತದೆ. ಒಂದೊಂದು ಕೋಣೆಯಲ್ಲೂ ಕುಟುಕಿ ನಿಶ್ಚೇಷ್ಟಗೊಳಿಸಿದ ಜೇಡಗಳನ್ನು ಒತ್ತೊತ್ತಾಗಿ ತುಂಬಿಟ್ಟಿರುತ್ತಾಳೆ. ಅವು ಸತ್ತಿರುವುದಿಲ್ಲ. ಕಡ್ಡಿಯಿಂದ ಮುಟ್ಟಿದರೆ ಕೆಲವೊಮ್ಮೆ ಕಾಲು ಮಿಡುಕುತ್ತದೆ. ಒಂದು ಜೇಡದ ಮೈಗೆ ಮೊಟ್ಟೆ ಅಂಟಿರುತ್ತದೆ. ಹುಟ್ಟಿದ ಮರಿ ಈ ಬುತ್ತಿಯನ್ನು ತಿಂದು ಕಂದು ಪೊರೆಯೊಳಗೆ ಬೆಳೆದು, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಗೋಡೆ ಕೊರೆದು ಹೊರಬರುತ್ತದೆ. ಜೇಡದ ಬದಲು ಹಸಿರು ಕಂಬಳಿಹುಳಗಳು ಸಿಕ್ಕರೆ ಅದು ಕುಂಬಾರ ಹುಳುವಿನ ಇನ್ನೊಂದು ಬಳಗದ ಮನೆ.

ಆದ್ದರಿಂದ ತೆಗೆಯುವ ಮೊದಲು ನೋಡಬೇಕಾದದ್ದು ಗೂಡಿನ ವಯಸ್ಸು. ಮಣ್ಣು ಇನ್ನೂ ಹಸಿಯಾಗಿ, ಕಪ್ಪಾಗಿದ್ದರೆ ಕಟ್ಟಡ ನಡೆಯುತ್ತಿದೆ. ಆಗಲೇ ಒರೆಸಿಬಿಟ್ಟರೆ ಯಾರಿಗೂ ನಷ್ಟವಿಲ್ಲ. ಪ್ರತಿ ಕೋಣೆಗೂ ದುಂಡನೆಯ ತೂತು ಬಿದ್ದಿದ್ದರೆ ಮರಿಗಳು ಹೋಗಿಯಾಗಿದೆ. ಪೂರ್ತಿ ಮುಚ್ಚಿದ್ದರೆ ಒಳಗೆ ಜೀವವಿದೆ, ಕಿಟಕಿ ಮೂಲೆಯಲ್ಲಾದರೆ ಕಾಯಬಹುದು. ಮನೆಯಲ್ಲಿ ಈ ಹುಳು ಗೂಡು ಕಟ್ಟಿದರೆ ಮಗು ಹುಟ್ಟುವ ಸೂಚನೆ ಎಂಬ ನಂಬಿಕೆ ದಕ್ಷಿಣ ಭಾರತದ ಹಲವು ಕಡೆ ಇದೆ. ಕಾರಣ ಏನೇ ಇರಲಿ, ಗೂಡನ್ನು ಮುಟ್ಟದೆ ಬಿಡುವ ಆ ಅಜ್ಜಿಯರ ಪದ್ಧತಿ ಸ್ಪ್ರೇಗಿಂತ ಮೇಲು. ಖಾಲಿಯಾದ ಮೇಲೆ ಪೇಂಟಿನವರ ಪಟ್ಟಿಯನ್ನು ಅಡಿಗೆ ತೂರಿಸಿದರೆ ಗೂಡು ಇಡಿಯಾಗಿ ಕಳಚುತ್ತದೆ.

ಗೂಡು ಪರದೆಯ ಮಡಿಕೆಯಲ್ಲಿದ್ದರೆ ಜನ ಮಾಡುವ ತಪ್ಪು ಒದ್ದೆ ಬಟ್ಟೆಯಿಂದ ಒರೆಸುವುದು. ನೀರು ತಾಗಿದ ಕೂಡಲೇ ಕೆಮ್ಮಣ್ಣು ನೂಲಿಗೆ ಇಳಿದು ಕಲೆ ಕೂರುತ್ತದೆ. ಪರದೆ ಬಿಚ್ಚಿ ಹೊರಗೆ ಒಯ್ದು, ಹಿಂದಿನಿಂದ ಬಟ್ಟೆಯನ್ನು ಬಗ್ಗಿಸಿದರೆ ಮಣ್ಣು ಬಿರಿದು ಉದುರುತ್ತದೆ. ಉಳಿದ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆದ ಮೇಲಷ್ಟೇ ಒಗೆತ.

ಬೀಗದ ತೂತಿನದ್ದು ಬೇರೆಯೇ ಕಥೆ, ಅಲ್ಲಿ ಅಜ್ಜಿಯ ತಾಳ್ಮೆ ನಡೆಯದು. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದವರ ಬಾಗಿಲನ್ನು ಊಹಿಸಿಕೊಳ್ಳಿ. ತೂತು ಮಣ್ಣಿನಿಂದ ಮುಚ್ಚಿದೆ, ಕೈಯಲ್ಲಿ ಸಾಮಾನುಗಳಿವೆ, ಕೀಲಿಯನ್ನು ಬಲವಾಗಿ ಒತ್ತುತ್ತಾರೆ. ಮಣ್ಣು ಒಳಗಿನ ಪಿನ್ನುಗಳ ನಡುವೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಯಾರೋ ಕೊಬ್ಬರಿ ಎಣ್ಣೆ ಬಿಡುತ್ತಾರೆ, ಮಣ್ಣು ಕೆಸರಾಗುತ್ತದೆ. ನೀರು ಬಿಟ್ಟರೂ ಅದೇ ಪಾಡು, ಜೊತೆಗೆ ತುಕ್ಕು.

ಕೆಲಸ ಒಣಗೇ ನಡೆಯಬೇಕು. ತುದಿ ಬಗ್ಗಿಸಿದ ಹೇರ್‌ಪಿನ್‌ನಿಂದ ಮಣ್ಣನ್ನು ಕೆರೆದು ಹೊರಗೆ ಎಳೆಯಬೇಕು, ಒಳಗೆ ತಳ್ಳಬಾರದು. ಕಣ್ಣಿಗೆ ಕನ್ನಡಕವಿರಲಿ. ನೇತಾಡುವ ಬೀಗವಾದರೆ ತೂತು ಕೆಳಮುಖ ಮಾಡಿ ಮೆಲ್ಲಗೆ ತಟ್ಟಿದರೆ ಅರ್ಧ ತಾನೇ ಉದುರುತ್ತದೆ. ಕೆರೆದ ಪುಡಿಯನ್ನು ಸೈಕಲ್ ಪಂಪಿನ ಗಾಳಿಯಿಂದ ಊದಿ, ಕೀಲಿಗೆ ಪೆನ್ಸಿಲ್ ಸೀಸ ಉಜ್ಜಿ ಸಲೀಸಾಗಿ ಹೋಗುವಷ್ಟೇ ತೂರಿಸಿ ನೋಡಬೇಕು. ಕೀಲಿ ಪೂರ್ತಿ ಒಳಗೆ ಹೋಗದೆ ಮೊದಲಿನ ಜಾಗದಲ್ಲೇ ನಿಂತರೆ ಮಣ್ಣಿನ್ನೂ ಇದೆ ಎಂದರ್ಥ. ಪೂರ್ತಿ ಹೋಗಿಯೂ ತಿರುಗದಿದ್ದರೆ ಪಿನ್ನು ಸಿಕ್ಕಿಕೊಂಡಿದೆ, ಅಲ್ಲಿಗೆ ನಿಲ್ಲಿಸಿ ಬೀಗ ರಿಪೇರಿಯವರನ್ನು ಕರೆಯಬೇಕು. ತಿರುಚಿದರೆ ಕೀಲಿ ಒಳಗೇ ಮುರಿಯುತ್ತದೆ.

ಇದಕ್ಕಿಂತ ಅಗ್ಗದ ದಾರಿ ಊರಿಗೆ ಹೊರಡುವಾಗ ತೂತಿಗೊಂದು ಟೇಪ್ ಅಂಟಿಸುವುದು. ಅತಿಯಾಯಿತು ಎನ್ನುವವರಿಗೆ ಒಂದು ವಿಮಾನದ ಉದಾಹರಣೆ ಸಾಕು. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪುಯೆರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನ್‌ಏರ್ ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ವೇಗ ಅಳೆಯುವ ಕೊಳವೆಯೊಂದು ಮುಚ್ಚಿಹೋಗಿತ್ತು. ಕೊಳವೆ ಸಮುದ್ರದಿಂದ ಸಿಗಲಿಲ್ಲವಾದರೂ, ವಾರಗಟ್ಟಲೆ ಮುಚ್ಚಳವಿಲ್ಲದೆ ನಿಂತಿದ್ದ ವಿಮಾನದಲ್ಲಿ ಈ ಹುಳುವಿನ ಗೂಡೇ ಕಾರಣವಿರಬೇಕು ಎಂಬುದು ತನಿಖೆಯವರ ಪ್ರಬಲ ಊಹೆ. ಬಿಟ್ಟುಹೋಗಿದ್ದು ಬರೀ ಒಂದು ಮುಚ್ಚಳ.